ನಿಂಬೆಹಣ್ಣಿನ ಗಾತ್ರ ಅಂದರೆ ಎಷ್ಟು?

ಎಲ್ಲರಿಗೂ ನಮಸ್ಕಾರ. ನಾನು ಭಾಷಣಕಾರನಲ್ಲ, ಅಡುಗೆಯವನು. ತುಮಕೂರಿನಲ್ಲಿ ಇಪ್ಪತ್ತೆರಡು ವರ್ಷ ಮೆಸ್ ನಡೆಸಿದೆ. ಹುಣಸೆಹಣ್ಣಿನ ಬಗ್ಗೆ ಮಾತಾಡಿ ಅಂದಾಗ ನನಗೆ ಮೊದಲು ನೆನಪಾಗಿದ್ದು ನಾನು ಕೆಡಿಸಿದ ಒಂದು ಸಾರು. ಅಲ್ಲಿಂದಲೇ ಶುರು ಮಾಡ್ತೀನಿ.

ಯುಗಾದಿ ಆಸುಪಾಸಿನ ದಿನಗಳು. ಮಾರುಕಟ್ಟೆಗೆ ಹೊಸ ಹುಣಸೆ ಬಂದಿತ್ತು. ಮಾಮೂಲಿ ಕಡೆ ಬಿಟ್ಟು ಬೇರೊಬ್ಬರ ಹತ್ತಿರ ಹತ್ತು ಕೆಜಿ ತಂದಿದ್ದೆ. ಬಣ್ಣ ಚೆನ್ನಾಗಿತ್ತು, ಬೀಜ ತೆಗೆದಿತ್ತು, ನಾರೂ ಕಡಿಮೆ. ಐವತ್ತು ಜನಕ್ಕೆ 10 ಲೀಟರ್ ಸಾರು, ಅದಕ್ಕೆ ವರ್ಷಗಳಿಂದ 200 ಗ್ರಾಂ ಹಣ್ಣು, ಇದು ನನ್ನ ಲೆಕ್ಕ. ಅವತ್ತೂ ತೂಕ ಮಾಡಿಯೇ ಹಾಕಿದೆ. ಬಡಿಸುವ ಮುಂಚೆ ಬಾಯಿಗಿಟ್ಟರೆ ಹಲ್ಲು ಚುಳ್ ಅಂತು. ಇನ್ನೊಂದಿಷ್ಟು ಕುದಿಸಿದರೆ ಹುಳಿ ಇಳಿಯುತ್ತೆ ಅಂದುಕೊಂಡು ಒಲೆ ಜೋರು ಮಾಡಿ ಕಾಲು ಗಂಟೆ ಕುದಿಸಿದೆ. ಹುಳಿ ಇನ್ನೂ ಏರಿತು!

ಯಾಕೆ ಏರಿತು ಅನ್ನೋದು ಆಮೇಲೆ ತಿಳೀತು. ಹುಣಸೆಯ ಹುಳಿ ಟಾರ್ಟಾರಿಕ್ ಆಮ್ಲದ್ದು. ವಿನೆಗರ್ ಕುದಿಸಿದರೆ ಅದರ ಹುಳಿ ಸ್ವಲ್ಪ ಹಬೆಯ ಜೊತೆ ಹೋಗುತ್ತೆ, ಮೂಗಿಗೇ ಗೊತ್ತಾಗುತ್ತೆ. ಹುಣಸೆಯದು ಹಾಗಲ್ಲ, ಪಾತ್ರೆ ಬಿಟ್ಟು ಹೋಗಲ್ಲ. ಕುದಿಸಿದಾಗ ಹೋಗೋದು ಎರಡೇ: ಹಸಿ ವಾಸನೆ ಮತ್ತು ನೀರು. ಹಸಿ ವಾಸನೆ ಎಂಟು-ಹತ್ತು ನಿಮಿಷದಲ್ಲಿ ಹೋಗಿಬಿಡುತ್ತೆ. ಆಮೇಲೆ ಕುದಿಸಿದಷ್ಟೂ ನೀರು ಹೋಗಿ ಹುಳಿ ಗಟ್ಟಿಯಾಗುತ್ತೆ. ಅವತ್ತು ನಾನು ಎರಡೂವರೆ ಲೀಟರ್ ಬೇಳೆಕಟ್ಟು ಸೇರಿಸಿ, ಉಪ್ಪು ಖಾರ ಸರಿಮಾಡಿ, ಒಂದು ಉಂಡೆ ಬೆಲ್ಲ ಹಾಕಿ ಹೇಗೋ ಬಡಿಸಿದೆ. ಬೆಲ್ಲ ಹುಳಿಯನ್ನು ತೆಗೆಯಲ್ಲ, ನಾಲಿಗೆಯಿಂದ ಮರೆಮಾಡುತ್ತೆ ಅಷ್ಟೆ. ನಿಜವಾಗಿ ಕೆಲಸ ಮಾಡಿದ್ದು ಬೇಳೆಕಟ್ಟು.

ಈಗ ಮುಖ್ಯ ಪ್ರಶ್ನೆ. ತೂಕ ಅಷ್ಟೇ ಇದ್ದಾಗ ಹುಳಿ ಯಾಕೆ ಬೇರೆ? ಹುಣಸೆಯ ತಿರುಳಿನಲ್ಲಿ ಈ ಆಮ್ಲ 100ಕ್ಕೆ ಸುಮಾರು 8ರಿಂದ 18 ಭಾಗದವರೆಗೆ ಇರುತ್ತೆ. ಅಂದರೆ ನನ್ನ 200 ಗ್ರಾಂ ಹಣ್ಣಿನಲ್ಲಿ ಆಮ್ಲ 16 ಗ್ರಾಂ ಇರಬಹುದು, 36 ಗ್ರಾಂ ಕೂಡ ಇರಬಹುದು. ತಕ್ಕಡಿ ಎರಡಕ್ಕೂ ಒಂದೇ ಉತ್ತರ ಕೊಡುತ್ತೆ. ನಮ್ಮ ಹಳ್ಳಿಗಳ ಹುಣಸೆಮರಗಳು ಹೆಚ್ಚಾಗಿ ಬೀಜದಿಂದ ತಾವಾಗಿ ಹುಟ್ಟಿದವು, ಕಸಿ ಮರಗಳಲ್ಲ. ಹಾಗಾಗಿ ಪ್ರತಿ ಮರಕ್ಕೂ ಅದರದೇ ರುಚಿ. ದೇವನಹಳ್ಳಿ ಹತ್ತಿರ ನಲ್ಲೂರಿನ ಹುಣಸೆತೋಪು ನೋಡಿದವರು ಇಲ್ಲಿ ಇರಬಹುದು. 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಣೆಯಾಯಿತು, ದೇಶದಲ್ಲಿ ಅಂಥ ಮೊದಲ ತಾಣ ಅದು. ಅಲ್ಲಿನ ಮುದಿ ಮರಗಳ ಕೆಳಗೆ ಬಿದ್ದ ಹಣ್ಣು ಒಂದೊಂದು ಚೂರು ಬಾಯಿಗೆ ಹಾಕುತ್ತಾ ನಡೆದರೆ, ಅಕ್ಕಪಕ್ಕದ ಎರಡು ಮರಗಳೇ ಒಂದಕ್ಕೊಂದು ಹೊಂದಲ್ಲ. ಹುಣಸೆಮರ ಮುಪ್ಪಾದರೂ ಹುಳಿ ಮುಪ್ಪೇ ಅಂತಾರಲ್ಲ, ಅಲ್ಲಿ ಆ ಮಾತು ಅಕ್ಷರಶಃ ನಿಜ.

ಇನ್ನೊಂದು ವಿಷಯ. ಮಾವಿನಕಾಯಿ ಹಣ್ಣಾದರೆ ಹುಳಿ ಇಳಿಯುತ್ತೆ. ಹುಣಸೆ ಹಣ್ಣಾದರೂ ಆಮ್ಲ ಹೆಚ್ಚುಕಡಿಮೆ ಹಾಗೇ ಇರುತ್ತೆ, ಸಕ್ಕರೆ ಮಾತ್ರ ಏರುತ್ತೆ. ಅದಕ್ಕೇ ಕಾಯಿಯ ಹುಳಿ ಮುಖ ಕಿವುಚಿಸುತ್ತೆ, ಹಣ್ಣಿನದು ಹಿತವಾಗಿರುತ್ತೆ. ಹುಣಸೆಕಾಯಿ ತೊಕ್ಕನ್ನು ಬೆರಳ ತುದಿಯಷ್ಟು ಬಡಿಸೋದು ಇದೇ ಕಾರಣಕ್ಕೆ. ಅಂಗಡಿಯಲ್ಲಿ ಪೆಟ್ಟಿಗೆಯಲ್ಲಿ ಸಿಗುವ ಥಾಯ್ಲೆಂಡಿನ ಸಿಹಿ ಹುಣಸೆ ಬಿಡಿಸಿ ತಿನ್ನೋಕೆ ಚೆನ್ನ. ಅದರಲ್ಲಿ ಸಾರು ಮಾಡಲು ಹೋದರೆ ಬೆಲ್ಲದ ನೀರು ಕುಡಿದ ಹಾಗಾಗುತ್ತೆ.

ಹೊಸ ಹಣ್ಣು, ಹಳೆ ಹಣ್ಣಿನ ಜಗಳ ಇದ್ದೇ ಇದೆ. ಹೊಸದು ಕೆಂಪು ಮಿಶ್ರಿತ ಕಂದು, ಮೆತ್ತಗೆ, ಕೈಗೆ ಅಂಟುತ್ತೆ. ವರ್ಷ ಕಳೆದದ್ದು ಕಪ್ಪು. ಕಪ್ಪಾಯಿತು ಅಂದರೆ ಕೆಟ್ಟಿತು ಅಂತಲ್ಲ. ಬೆಲ್ಲದ ಪಾಕ ಕಾದಂತೆ ಕಪ್ಪಾಗುತ್ತಲ್ಲ, ಅಂಥದ್ದೇ ಒಂದು ಬದಲಾವಣೆ ಶಾಖದಲ್ಲಿ ನಿಧಾನವಾಗಿ ನಡೆದಿರುತ್ತೆ. ವ್ಯಾಪಾರಿಗಳು ಹಣ್ಣನ್ನು ಶೀತಲಗೃಹದಲ್ಲಿ ಇಡೋದು ಬಣ್ಣ ಉಳಿಯಲಿ ಅಂತ. ಹಳೆಯದು ಒಣಗಿ ನೀರು ಕಳೆದುಕೊಂಡಿದ್ದರೆ, ಅಷ್ಟೇ ತೂಕಕ್ಕೆ ಹುಳಿ ಹೆಚ್ಚು ಬರುತ್ತೆ. ತಿಳಿಸಾರಿಗೆ ನಾನು ಹೊಸದನ್ನೇ ಇಷ್ಟಪಡ್ತೀನಿ, ಬಣ್ಣ ಕೆಡಲ್ಲ. ಪುಳಿಯೋಗರೆ ಗೊಜ್ಜಿಗೆ ಹಳೆಯದೇ ಬೇಕು. ಅಲ್ಲಿ ಕಪ್ಪೇ ಚೆಂದ, ರುಚಿಗೂ ಒಂದು ಮಾಗಿದ ಗುಣ ಇರುತ್ತೆ.

ಹಾಗಾದರೆ ಹುಳಿ ಅಳೆಯೋದು ಹೇಗೆ? ಇಲ್ಲಿ ಎರಡು ಲೋಟ ಇಟ್ಟಿದ್ದೀನಿ. ಒಂದರಲ್ಲಿ ನಮ್ಮನೆ ಜಾಡಿಯ ಹಣ್ಣು, ಇನ್ನೊಂದರಲ್ಲಿ ನಿನ್ನೆ ಕೊಂಡ ಹಣ್ಣು. ಎರಡೂ 10 ಗ್ರಾಂ, ಎರಡಕ್ಕೂ 100 ಮಿಲಿ ಬಿಸಿನೀರು, ಕಿವುಚಿ ಸೋಸಿದ ರಸ. ಈಗ ಅಡುಗೆ ಸೋಡಾ ಒಂದೊಂದೇ ಚಿಟಿಕೆ ಹಾಕ್ತೀನಿ. ನೊರೆ ಉಕ್ಕುತ್ತೆ ನೋಡಿ, ಅದಕ್ಕೇ ದೊಡ್ಡ ಲೋಟ ತಂದೆ. ನೊರೆ ಇಳಿಯಲಿ, ಕಲಕೋಣ, ಮತ್ತೊಂದು ಚಿಟಿಕೆ. ಮನೆಯ ಹಣ್ಣು ನಾಲ್ಕು ಚಿಟಿಕೆಗೆ ಸುಮ್ಮನಾಯಿತು. ಹೊಸದು ಆರನೆಯದಕ್ಕೂ ಗುಳ್ಳೆ ಬಿಡ್ತಾ ಇದೆ. ಅಂದರೆ ಇದು ಒಂದೂವರೆ ಪಟ್ಟು ಹುಳಿ. ಮನೆಯ ಹಣ್ಣು 20 ಗ್ರಾಂ ಹಾಕುವ ಕಡೆ ಇದು 13-14 ಗ್ರಾಂ ಸಾಕು. ಒಂದೇ ಕೈಯ ಚಿಟಿಕೆ ಆಗಬೇಕು ಮತ್ತೆ, ಅತ್ತೆ ಒಂದು ಲೋಟಕ್ಕೆ ಸೊಸೆ ಒಂದು ಲೋಟಕ್ಕೆ ಹಾಕಿದರೆ ಲೆಕ್ಕ ಕೆಡುತ್ತೆ. ಈ ರಸ ಅಡುಗೆಗೆ ಬೇಡ, ಸೋಡಾ ರುಚಿ ಬಂದಿರುತ್ತೆ. ಹೊಸ ಹಣ್ಣು ತಂದಾಗ ಒಂದು ಸಲ ಹೀಗೆ ನೋಡಿಕೊಂಡರೆ ಆ ಹಣ್ಣು ಮುಗಿಯುವವರೆಗೂ ಯೋಚನೆಯಿಲ್ಲ. ನಿಂಬೆಹಣ್ಣಿನ ಗಾತ್ರ, ನೆಲ್ಲಿಕಾಯಿ ಗಾತ್ರ ಅಂತ ಬರೆಯುವವರ ಮೇಲೆ ನನಗೆ ಕೋಪ ಇಲ್ಲ. ಅವರು ಅವರ ಜಾಡಿಯ ಹಣ್ಣಿನ ಬಗ್ಗೆ ಹೇಳ್ತಿದ್ದಾರೆ, ನಿಮ್ಮ ಜಾಡಿಯದಲ್ಲ.

ನೆನೆಸೋದಕ್ಕೆ ಬರೋಣ. ನಾಲ್ಕು ಜನಕ್ಕೆ ಒಂದು ಲೀಟರ್ ಸಾರು, 20 ಗ್ರಾಂ ಬೀಜ ತೆಗೆದ ಹಣ್ಣು ಅಂತ ಇಟ್ಟುಕೊಳ್ಳಿ. ಬೀಜ ಇರುವ ಹಣ್ಣಾದರೆ ತೂಕದಲ್ಲಿ ಹತ್ತಿರ ಅರ್ಧ ಬೀಜವೇ ಇರುತ್ತೆ, ಅದನ್ನು ಲೆಕ್ಕಕ್ಕೆ ತಗೊಳ್ಳಿ. ಮೊದಲು ಧೂಳು ಹೋಗಲು ಸ್ವಲ್ಪ ನೀರು ಹಾಕಿ ಒಂದೇ ಸಲ ಜಾಲಿಸಿ ಚೆಲ್ಲಿ. ಎರಡು ಮೂರು ನೀರಿನಲ್ಲಿ ಉಜ್ಜಿ ತೊಳೆಯುವವರಿದ್ದಾರೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಅನ್ನೋ ಗಾದೆ ಅವರಿಗಾಗಿಯೇ ಹುಟ್ಟಿದ್ದು.

ಆಮೇಲೆ 100 ಮಿಲಿ ಬಿಸಿನೀರು, ಬೆರಳು ಅದ್ದಿದರೆ ಚುರುಕ್ ಅನ್ನುವಷ್ಟು ಬಿಸಿ. ಹಣ್ಣನ್ನು ಉಂಡೆಯಾಗಿ ಬಿಡದೆ ಎಳೆ ಎಳೆಯಾಗಿ ಬಿಡಿಸಿ ಹಾಕಿ, 20 ನಿಮಿಷ ಮುಚ್ಚಿಡಿ. ತಣ್ಣೀರಾದರೆ ಮುಕ್ಕಾಲು ಗಂಟೆ ಬೇಕು. ಉಂಡೆಯ ಒಳಗೆ ಗಟ್ಟಿ ಉಳಿದಿದ್ದರೆ ಇನ್ನೂ ನೆನೆದಿಲ್ಲ ಅಂತ. ಅವಸರಕ್ಕೆ ಕೆಲವರು ಹಣ್ಣನ್ನೇ ಒಲೆ ಮೇಲಿಟ್ಟು ಕುದಿಸ್ತಾರೆ. ಬೀಜ ಇಲ್ಲದಿದ್ದರೆ ಪರವಾಗಿಲ್ಲ. ಬೀಜ ಇದ್ದರೆ ಅದರ ಸಿಪ್ಪೆಯ ಒಗರು ರಸಕ್ಕೆ ಇಳಿಯುತ್ತೆ. ಸಾರು ಕುಡಿದ ಮೇಲೆ ನಾಲಿಗೆ ದೊರಗಾದ ಹಾಗೆ ಅನಿಸಿದರೆ ಕಾರಣ ಇದೇ. ಬೀಜ ಸಮೇತ ಮಿಕ್ಸಿಗೆ ಹಾಕಿದರೂ ಅಷ್ಟೇ, ಜೊತೆಗೆ ಓಡಿನ ಚೂರು ಪುಡಿಯಾಗಿ ಜಾಲರಿ ದಾಟಿ ಬರುತ್ತೆ.

ಕಿವುಚುವಾಗ ಹಿಂಡಿದರೆ ಸಾಲದು. ಹೆಬ್ಬೆರಳು ಮತ್ತು ಎರಡು ಬೆರಳ ನಡುವೆ ಹಣ್ಣನ್ನು ಉಜ್ಜಬೇಕು, ನಾರು ಬೆತ್ತಲಾಗಿ ಕೈಗೆ ಸಿಗುವವರೆಗೆ. ಟೀ ಸೋಸುವ ಜಾಲರಿ ಇದಕ್ಕೆ ಆಗಲ್ಲ, ಎರಡು ನಿಮಿಷಕ್ಕೆ ಕಟ್ಟಿಕೊಳ್ಳುತ್ತೆ. ಸ್ವಲ್ಪ ದೊಡ್ಡ ಕಣ್ಣಿನ ಸ್ಟೀಲ್ ಜಾಲರಿ ತಗೊಂಡು ಸೌಟಿನ ಬೆನ್ನಿನಿಂದ ಒತ್ತಿ. ಜಾಲರಿಯ ಕೆಳಗೆ ಅಂಟಿದ ತಿರುಳನ್ನು ಬಳಿದುಕೊಳ್ಳಿ, ಗಟ್ಟಿ ಭಾಗ ಇರೋದೇ ಅಲ್ಲಿ. ಉಳಿದ ಚರಟಕ್ಕೆ 50 ಮಿಲಿ ನೀರು ಹಾಕಿ ಎರಡನೇ ರಸ, ಮತ್ತೆ 50 ಹಾಕಿ ಮೂರನೆಯದು. ಒಟ್ಟು 200 ಮಿಲಿ. ಗೊಜ್ಜಿಗಾದರೆ ಮೊದಲ ಎರಡು ರಸ ಸಾಕು, ಇಲ್ಲದಿದ್ದರೆ ಆ ನೀರನ್ನು ಇಂಗಿಸಲು ಅನಿಲ ದಂಡ. ಸೋಸಿದ ರಸವನ್ನು ಐದು ನಿಮಿಷ ಅಲುಗಾಡಿಸದೆ ಇಟ್ಟು ಮೇಲಿಂದ ಬಗ್ಗಿಸಿ, ತಳದ ಕೊನೆ ಚಮಚ ಬಿಟ್ಟುಬಿಡಿ. ಮರಳು ಇರೋದು ಅದರಲ್ಲಿ.

ಈ ರಸ ಬೇಳೆ, ತರಕಾರಿ ಪೂರ್ತಿ ಬೆಂದ ಮೇಲೇ ಸೇರಬೇಕು. ಹುಳಿ ಮೊದಲೇ ಬಿದ್ದರೆ ತರಕಾರಿ ಎಷ್ಟು ಹೊತ್ತಾದರೂ ಮೆತ್ತಗಾಗದೆ ಗಟ್ಟಿಯಾಗೇ ಉಳಿಯುತ್ತೆ. ಪಾತ್ರೆ ಸ್ಟೀಲು, ಕಲ್ಲು, ಮಣ್ಣಿನದು ಇರಲಿ. ಕಲಾಯಿ ಇಲ್ಲದ ಹಿತ್ತಾಳೆ ಬೇಡ, ಅಲ್ಯೂಮಿನಿಯಂನಲ್ಲಿ ರಸ ಇಡಲೂ ಬೇಡ.

ಶೇಖರಣೆಯಲ್ಲಿ ಹೆಚ್ಚು ಜನ ತಪ್ಪೋದು ಬೀಜದ ವಿಷಯದಲ್ಲಿ. ಹುಳು ಹುಡುಕಿಕೊಂಡು ಬರೋದು ಬೀಜಕ್ಕೆ. ಮಾರ್ಚ್-ಏಪ್ರಿಲ್‌ನಲ್ಲಿ ತಂದ ಹಣ್ಣಿನ ಬೀಜ, ಓಡು, ನಾರು ತೆಗೆದು ಎರಡು ಬಿಸಿಲು ಕಾಯಿಸಿ. ಪಿಂಗಾಣಿ ಜಾಡಿಯಲ್ಲಿ ಒಂದು ಪದರ ಹಣ್ಣು, ಮೇಲೆ ಕಲ್ಲುಪ್ಪು, ಮುಷ್ಟಿಯಿಂದ ಒತ್ತಿ ಇನ್ನೊಂದು ಪದರ. ಕೆಜಿಗೆ ಒಂದು ಹಿಡಿ ಉಪ್ಪು. ಒತ್ತೋದು ಮುಖ್ಯ, ನಡುವೆ ಗಾಳಿ ಉಳಿಯಬಾರದು. ತೆಗೆಯುವಾಗ ಕೈ ಒಣಗಿರಬೇಕು. ಸಾರಿಗೆ ಉಪ್ಪು ಹಾಕುವಾಗ ಹಣ್ಣಿನ ಉಪ್ಪು ನೆನಪಿರಲಿ. ಮಳೆಗಾಲದಲ್ಲಿ ಮೇಲೆ ಬಿಳಿ ಕಂಡರೆ ಗಾಬರಿಯಾಗಿ ಎಸೆಯಬೇಡಿ. ಒಂದು ಚೂರನ್ನು ನೀರಿಗೆ ಹಾಕಿ. ಹರಳು ಹರಳಾಗಿದ್ದು ಕರಗಿದರೆ ಉಪ್ಪು. ಹತ್ತಿಯಂತೆ ನವಿರಾಗಿದ್ದು ಮುಗ್ಗಲು ವಾಸನೆ ಬಂದರೆ ಬೂಷ್ಟು, ಆಗ ಎಸೆಯಲೇಬೇಕು.

ಕಿವುಚಿದ ಹಸಿ ರಸ ಫ್ರಿಜ್ಜಿನಲ್ಲಿ ಎರಡು ದಿನ, ಅಷ್ಟೇ. ಮೇಲೆ ಸಣ್ಣ ನೊರೆ ಎದ್ದು ದೋಸೆಹಿಟ್ಟಿನ ವಾಸನೆ ಬಂತು ಅಂದರೆ ಹುದುಗಿದೆ. ಕೆಲಸಕ್ಕೆ ಹೋಗುವವರು ಭಾನುವಾರ ಗಟ್ಟಿ ರಸ ತೆಗೆದು ಐಸ್ ತಟ್ಟೆಯಲ್ಲಿ ಹೆಪ್ಪುಗಟ್ಟಿಸಿ ಡಬ್ಬಿಗೆ ಹಾಕಿಟ್ಟರೆ ತಿಂಗಳುಗಟ್ಟಲೆ ಇರುತ್ತೆ. 20 ಗ್ರಾಂ ಹಣ್ಣಿನ ರಸ ಎಷ್ಟು ಗುಳಿ ತುಂಬಿತು ಅಂತ ಮೊದಲ ಸಲವೇ ಎಣಿಸಿ ಡಬ್ಬಿ ಮೇಲೆ ಬರೆದುಬಿಡಿ. ಅಂಗಡಿಯ ಕಪ್ಪು ಪೇಸ್ಟ್ ಬಳಸುವವರಿಗೂ ಸೋಡಾ ಪರೀಕ್ಷೆಯೇ ದಾರಿ, ಒಂದು ಬಾಟಲಿಯ ಚಮಚಕ್ಕೂ ಇನ್ನೊಂದರ ಚಮಚಕ್ಕೂ ಹೋಲಿಕೆ ಇಲ್ಲ. ಅದು ಮೊದಲೇ ಕುದಿದಿರುತ್ತೆ, ಕೊನೆಯಲ್ಲಿ ಹಾಕಿದರೂ ಹಸಿ ವಾಸನೆ ಬರಲ್ಲ. ಮಿಕ್ಕಂತೆ ತಿಳಿಸಾರಿಗೆ ಅದನ್ನು ನಾನು ಹಾಕಲ್ಲ.

ಇಗೋ, ಇಲ್ಲಿ ಸೋಸಿ ಮಿಕ್ಕ ಚರಟ ಇದೆ. ಇದಕ್ಕೆ ಚೂರು ಉಪ್ಪು ಬೆರೆಸಿ ವೇದಿಕೆಯ ಆ ಹಿತ್ತಾಳೆ ದೀಪ ಉಜ್ಜಿ ತೋರಿಸ್ತೀನಿ. ಅಷ್ಟರಲ್ಲಿ ಯಾರಿಗಾದರೂ ಏನಾದರೂ ಕೇಳುವುದಿದ್ದರೆ ಕೇಳಿ.