ಡಿವಿಡೆಂಡೋ, ಗ್ರೋತ್ತೋ?

ಕೇಳುಗರಿಗೆ ನಮಸ್ಕಾರ. ಮ್ಯೂಚುವಲ್ ಫಂಡಿನ ಫಾರ್ಮ್ ತುಂಬುವಾಗ ಹಣವನ್ನು ಫಂಡಿನಲ್ಲೇ ಬೆಳೆಯಲು ಬಿಡುವ ಗ್ರೋತ್ ಬೇಕೋ, ಆಗಾಗ ಒಂದಿಷ್ಟು ಕೈಗೆ ಕೊಡುವ ಡಿವಿಡೆಂಡ್ ಬೇಕೋ ಎಂದು ಕೇಳಿರುತ್ತಾರೆ. ಬಹಳ ಮಂದಿ ಏಜೆಂಟರು ಬೆರಳಿಟ್ಟ ಕಡೆ ಗುರುತು ಹಾಕಿ ಸಹಿ ಮಾಡಿಬಿಡುತ್ತಾರೆ. 2021ರ ಏಪ್ರಿಲ್‌ನಿಂದ ಡಿವಿಡೆಂಡ್ ಆಯ್ಕೆಯ ಹೆಸರು ಬದಲಾಗಿದೆ. ನಿಮ್ಮ ಸ್ಟೇಟ್‌ಮೆಂಟಿನಲ್ಲಿ ಫಂಡಿನ ಹೆಸರಿನ ಮುಂದೆ IDCW ಎಂಬ ನಾಲ್ಕು ಅಕ್ಷರ ಇದ್ದರೆ ನೀವು ಆರಿಸಿದ್ದು ಡಿವಿಡೆಂಡನ್ನೇ. ಇವತ್ತು ನಾನು ಹೇಳುವುದು ಒಂದೇ ಮಾತು. ಆ ಡಿವಿಡೆಂಡ್ ನಿಮ್ಮದೇ ದುಡ್ಡು, ಮತ್ತು ಅದರ ಪ್ರತಿ ರೂಪಾಯಿಯ ಮೇಲೂ ತೆರಿಗೆ ಇದೆ.

ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ನನಗೆ ಪರಿಚಯದ ಹಿರಿಯರೊಬ್ಬರಿದ್ದಾರೆ, ರೈಲ್ವೆಯಿಂದ ನಿವೃತ್ತರಾದವರು. ಶೇರುಗಳಲ್ಲಿ ಹೂಡುವ ಒಂದು ಫಂಡಿನಲ್ಲಿ 10 ಲಕ್ಷ ರೂಪಾಯಿ ಹಾಕಿದ್ದರು. ಯುನಿಟ್ಟಿಗೆ 20 ರೂಪಾಯಿಯಂತೆ 50,000 ಯುನಿಟ್ ಬಂದಿದ್ದವು. ವರ್ಷ ದಾಟುವ ಹೊತ್ತಿಗೆ ಯುನಿಟ್ಟಿನ ಬೆಲೆ 25 ಆಯಿತು. ಆಗ ಫಂಡಿನವರು ಯುನಿಟ್ಟಿಗೆ 2 ರೂಪಾಯಿ ಡಿವಿಡೆಂಡ್ ಘೋಷಿಸಿದರು, ಅಂದರೆ ಒಂದು ಲಕ್ಷ. ರಾಯರು ಖುಷಿಯಿಂದ ಬಂದರು.

“ನೋಡ್ರಿ ಸರ, ಲಕ್ಷ ರೂಪಾಯಿ ಬಡ್ಡಿ ಬಂತು. ಅಸಲು ಇದ್ದಂಗ ಐತಿ.”

“ಇದು ಬಡ್ಡಿ ಅಲ್ರಿ ರಾಯರ. ಇವತ್ತಿನ ಬೆಲೆ ಎಷ್ಟೈತಿ ನೋಡ್ರಿ” ಅಂದೆ. ಮೊಬೈಲ್ ತೆಗೆದು ನೋಡಿದರೆ 25 ಇದ್ದದ್ದು 23 ಆಗಿತ್ತು. ಆ ದಿನ ಮಾರುಕಟ್ಟೆ ಬಿದ್ದಿರಲಿಲ್ಲ. ಕೊಟ್ಟ 2 ರೂಪಾಯಿ ಯುನಿಟ್ಟಿನ ಬೆಲೆಯಿಂದಲೇ ಹೋಗಿತ್ತು. ಹನ್ನೆರಡೂವರೆ ಲಕ್ಷದ ಗಂಟು ಹನ್ನೊಂದೂವರೆ ಲಕ್ಷಕ್ಕೆ ಇಳಿದಿತ್ತು. ನಮ್ಮ ಹಗೇವಿನ ಜೋಳ ನಾವೇ ತೆಗೆದು ಪಡಸಾಲೆಗೆ ತಂದಂತೆ. ಮನೆಗೆ ಹೊಸ ಜೋಳವೇನೂ ಬರಲಿಲ್ಲ.

ರಾಯರ ಎರಡನೆಯ ಮಾತು ಇನ್ನೂ ದೊಡ್ಡದು: “ಡಿವಿಡೆಂಡಿಗೆ ಟ್ಯಾಕ್ಸ್ ಇಲ್ಲಲ್ರಿ?” ಇದು ಹಳೆಯ ಕಾಲದ ನೆನಪು. 2020ರ ಮಾರ್ಚ್‌ವರೆಗೆ ಫಂಡ್ ಕಂಪನಿಯೇ ತೆರಿಗೆ ಕಟ್ಟಿ ಉಳಿದದ್ದನ್ನು ಕೊಡುತ್ತಿತ್ತು. ಈಗ ಡಿವಿಡೆಂಡ್ ಪೂರ್ತಿಯಾಗಿ ನಿಮ್ಮ ಆದಾಯಕ್ಕೆ ಸೇರುತ್ತದೆ. ಪಿಂಚಣಿ, ಮನೆ ಬಾಡಿಗೆ ಎಲ್ಲ ಸೇರಿ ರಾಯರು ಶೇಕಡಾ 20ರ ತೆರಿಗೆಯ ಹಂತದಲ್ಲಿದ್ದಾರೆ. ಒಂದು ಲಕ್ಷಕ್ಕೆ 20,000, ಮೇಲೆ ಸೆಸ್ 800. ಫಂಡಿನವರು ಶೇಕಡಾ 10 ಟಿಡಿಎಸ್ ಹಿಡಿದು 90,000 ಮಾತ್ರ ಖಾತೆಗೆ ಹಾಕಿದ್ದರು. ಅಷ್ಟಕ್ಕೇ ತೆರಿಗೆ ಮುಗಿಯಿತು ಎಂದು ರಾಯರು ತಿಳಿದಿದ್ದರು. ಇಲ್ಲ, ರಿಟರ್ನ್ ತುಂಬುವಾಗ ಇನ್ನೂ 10,800 ಕಟ್ಟಬೇಕಾಯಿತು.

ಈಗ ಅದೇ ಫಂಡಿನ ಗ್ರೋತ್ ಲೆಕ್ಕ ಕೇಳಿ. ಅಲ್ಲಿ ಫಂಡು ಏನನ್ನೂ ಹಂಚುವುದಿಲ್ಲ, ಬೆಲೆ 25ರಲ್ಲೇ ಇರುತ್ತದೆ. ರಾಯರಿಗೆ ಒಂದು ಲಕ್ಷ ಬೇಕಿದ್ದರೆ 4,000 ಯುನಿಟ್ ಮಾರಿದರೆ ಸಾಕಿತ್ತು. ಆ 4,000 ಯುನಿಟ್ಟಿಗೆ ಅವರು ಕೊಟ್ಟಿದ್ದು 80,000. ಲಾಭ 20,000 ಮಾತ್ರ. ತೆರಿಗೆ ಬೀಳುವುದು ಆ ಲಾಭಕ್ಕೆ, ಕೈಗೆ ಬಂದ ಲಕ್ಷಕ್ಕಲ್ಲ. ವರ್ಷ ದಾಟಿದ ಶೇರು ಫಂಡಿನಲ್ಲಿ ಒಂದು ಹಣಕಾಸು ವರ್ಷದ 1.25 ಲಕ್ಷದವರೆಗಿನ ಲಾಭಕ್ಕೆ ತೆರಿಗೆ ಇಲ್ಲ, ಅದರ ಮೇಲಿನದಕ್ಕೆ ಶೇಕಡಾ ಹನ್ನೆರಡೂವರೆ. ಹಾಗಾಗಿ ರಾಯರ ತೆರಿಗೆ ಸೊನ್ನೆ. ಉಳಿದ 46,000 ಯುನಿಟ್ಟಿನ ಬೆಲೆ ಎಷ್ಟು? ಅದೇ ಹನ್ನೊಂದೂವರೆ ಲಕ್ಷ! ಎರಡೂ ಕಡೆ ಗಂಟು ಒಂದೇ, ತೆರಿಗೆಗೆ ಮೊದಲು ಬಂದದ್ದೂ ಒಂದೇ. ಒಂದು ಕಡೆ 20,800 ತೆರಿಗೆ, ಇನ್ನೊಂದು ಕಡೆ ಏನೂ ಇಲ್ಲ. ಇಷ್ಟು ಕಂಡ ಮೇಲೂ “ಡಿವಿಡೆಂಡ್ ಬಂದರೆ ಏನೋ ಸಮಾಧಾನ” ಅನ್ನುವವರಿಗೆ ನಾನು ಮತ್ತೆ ಅದನ್ನೇ ಹೇಳುತ್ತೇನೆ. ಅದು ನಿಮ್ಮದೇ ದುಡ್ಡು, ಪೂರ್ತಿ ತೆರಿಗೆ ಕಟ್ಟಿ ವಾಪಸ್ ಪಡೆಯುತ್ತಿದ್ದೀರಿ.

ಹೊತ್ತು ಕಡಿಮೆ ಉಳಿದಿದೆ. ತಿಂಗಳಾ ಖರ್ಚಿಗೆ ಬೇಕು ಅನ್ನುವವರು ಗ್ರೋತ್‌ನಲ್ಲೇ ಇದ್ದು ಎಸ್‌ಡಬ್ಲ್ಯುಪಿ ಬರೆದುಕೊಡಿ. ಪ್ರತಿ ತಿಂಗಳು ಹೇಳಿದಷ್ಟು ಹಣಕ್ಕೆ ಬೇಕಾದ ಯುನಿಟ್ ತಾನೇ ಮಾರಾಟವಾಗುತ್ತದೆ. ಮೊದಲ ವರ್ಷ ಮುಗಿದ ಮೇಲೆ ಶುರು ಮಾಡಿ, ಏಕೆಂದರೆ ಅದಕ್ಕೆ ಮೊದಲು ಮಾರಿದರೆ ಲಾಭಕ್ಕೆ ಶೇಕಡಾ 20. ಸಾಲಪತ್ರಗಳ ಫಂಡನ್ನು 2023ರ ಏಪ್ರಿಲ್ ನಂತರ ಕೊಂಡಿದ್ದರೆ ಲಾಭಕ್ಕೆ ನಿಮ್ಮ ಹಂತದ ತೆರಿಗೆಯೇ ಬೀಳುತ್ತದೆ. ಅಲ್ಲೂ ಅದು ಲಾಭಕ್ಕೆ ಮಾತ್ರ.

ಈಗಾಗಲೇ ಡಿವಿಡೆಂಡಿನಲ್ಲಿರುವವರು ಗ್ರೋತ್‌ಗೆ ಸ್ವಿಚ್ ಮಾಡಬಹುದು, ಆದರೆ ಕಾನೂನು ಅದನ್ನು ಮಾರಾಟವೆಂದೇ ಎಣಿಸುತ್ತದೆ. ರಾಯರು ಒಂದೇ ಸಲ ಸ್ವಿಚ್ ಮಾಡಿದ್ದರೆ ಲಾಭ ಒಂದೂವರೆ ಲಕ್ಷ ಆಗಿ ಮಿತಿ ದಾಟುತ್ತಿತ್ತು. ಅದಕ್ಕೆ ಅರ್ಧ ಯುನಿಟ್ ಮಾರ್ಚ್‌ನಲ್ಲಿ, ಉಳಿದರ್ಧ ಏಪ್ರಿಲ್‌ನಲ್ಲಿ ಮಾಡಿಸಿದೆವು. ಎರಡು ಹಣಕಾಸು ವರ್ಷಕ್ಕೆ ಲಾಭ ಹಂಚಿಹೋಗಿ ತೆರಿಗೆ ಬೀಳಲಿಲ್ಲ. ನಮಸ್ಕಾರ.