ದನಿ ತೆಳುವಾದರೆ ವಯಸ್ಸೋ, ಕಾಯಿಲೆಯೋ?

ಕೇಳುಗರಿಗೆ ನಮಸ್ಕಾರ.

ಎಪ್ಪತ್ತು ದಾಟಿದ ಗಂಡಸರು ಫೋನಿನಲ್ಲಿ ಹಲೋ ಅಂದರೆ ಆ ಕಡೆಯವರು "ಹೇಳಿ ಮೇಡಂ" ಅನ್ನುವುದುಂಟು. ಮನೆಯವರಿಗೆ ಅದು ನಗುವ ವಿಷಯ. ಅವರಿಗೆ ಮಾತ್ರ ಒಳಗೊಳಗೇ ಬೇಜಾರು. ಹೆಂಗಸರಲ್ಲಿ ಇದು ಉಲ್ಟಾ. ಮುಟ್ಟು ನಿಂತ ಮೇಲೆ ದನಿ ಮೆಲ್ಲಗೆ ದಪ್ಪವಾಗುತ್ತಾ ಬರುತ್ತದೆ. ವಯಸ್ಸಾದಂತೆ ಗಂಡಸರ ದನಿ ಏರುತ್ತದೆ, ಹೆಂಗಸರ ದನಿ ಇಳಿಯುತ್ತದೆ.

ಗಂಟಲಿನೊಳಗೆ ಏನಾಗುತ್ತದೆ ಅಂತ ಮೊದಲು ನೋಡೋಣ. ಧ್ವನಿಪೆಟ್ಟಿಗೆಯಲ್ಲಿ ಎರಡು ಧ್ವನಿತಂತುಗಳಿವೆ. ತಂತು ಅಂದರೂ ಅವು ದಾರದಂತಿಲ್ಲ. ಒಳಗೆ ಮಾಂಸಖಂಡ, ಅದರ ಮೇಲೆ ಮೆತ್ತನೆಯ ಪದರ, ಅದರ ಮೇಲೆ ತೇವದ ತೆಳು ಹೊದಿಕೆ. ಮಾತಾಡುವಾಗ ಎರಡೂ ಹತ್ತಿರ ಬಂದು ಕೂಡಿಕೊಳ್ಳುತ್ತವೆ. ಕೆಳಗಿನಿಂದ ಬರುವ ಉಸಿರು ಅವನ್ನು ಅದುರಿಸುತ್ತದೆ. ಒಂದು ಸೆಕೆಂಡಿಗೆ ಗಂಡಸರಲ್ಲಿ ಸುಮಾರು ನೂರು ಸಲ, ಹೆಂಗಸರಲ್ಲಿ ಸುಮಾರು ಇನ್ನೂರು ಸಲ. ದನಿ ಹುಟ್ಟುವುದೇ ಹೀಗೆ.

ವಯಸ್ಸಾದಂತೆ ಕೈಕಾಲಿನ ಮಾಂಸಖಂಡ ಸೊರಗುತ್ತದೆ, ಅಲ್ವಾ? ಇಲ್ಲಿಯೂ ಹಾಗೇ. ತಂತುವಿನ ಮಾಂಸಖಂಡ ತೆಳುವಾಗುತ್ತದೆ, ಮೆತ್ತನೆಯ ಪದರ ಬಿಗಿಯಾಗುತ್ತದೆ. ಒಣಗಿ ಬಾಗಿದ ಜೋಡಿ ಬಾಗಿಲನ್ನು ಮುಚ್ಚಿದರೆ ಮೇಲೂ ಕೆಳಗೂ ತಾಗಿ ನಡುವೆ ಸಂದು ಉಳಿಯುತ್ತದಲ್ಲ, ಈ ತಂತುಗಳೂ ಹಾಗೇ ನಡುವೆ ಸಂದು ಬಿಡುತ್ತವೆ. ಆ ಸಂದಿನಲ್ಲಿ ಗಾಳಿ ಸೋರುತ್ತದೆ. ದನಿಯಲ್ಲಿ ಉಸಿರು ಬೆರೆತು ಕೇಳಿಸುತ್ತದೆ. ಒಂದು ವಾಕ್ಯ ಮುಗಿಯುವ ಮೊದಲೇ ಉಸಿರು ಖಾಲಿ. ಜತೆಗೆ ಎದೆಗೂಡು ಬಿಗಿಯಾಗಿ, ಉಸಿರನ್ನು ಹೊರಗೆ ತಳ್ಳುವ ಬಲವೂ ಕಡಿಮೆಯಾಗಿರುತ್ತದೆ.

ಇದನ್ನು ಮನೆಯಲ್ಲೇ ಒಂದು ಮಟ್ಟಿಗೆ ಅಳೆಯಬಹುದು. ಕೂತುಕೊಂಡು, ಉಸಿರು ತುಂಬ ಎಳೆದುಕೊಂಡು, ಮಾತಾಡುವ ದನಿಯಲ್ಲೇ "ಆ" ಅಂತ ಆದಷ್ಟು ಹೊತ್ತು ಎಳೆಯಿರಿ. ಪಕ್ಕದಲ್ಲಿ ಒಬ್ಬರು ಗಡಿಯಾರ ನೋಡಲಿ. ಮೂರು ಸಲ ಮಾಡಿ, ಅದರಲ್ಲಿ ಉದ್ದವಾದದ್ದನ್ನು ಬರೆದಿಟ್ಟುಕೊಳ್ಳಿ. ಆರೋಗ್ಯವಂತ ದೊಡ್ಡವರಿಗೆ ಸಾಮಾನ್ಯವಾಗಿ 15 ಸೆಕೆಂಡಿಗಿಂತ ಜಾಸ್ತಿ ಬರುತ್ತದೆ. 10 ಸೆಕೆಂಡೂ ದಾಟದಿದ್ದರೆ ಎಲ್ಲೋ ಗಾಳಿ ಸೋರುತ್ತಿದೆ, ಇಲ್ಲವೇ ಉಸಿರಿನ ಬಲವೇ ಸಾಲದು. ಆದರೆ ಯಾಕೆ ಸೋರುತ್ತಿದೆ ಅನ್ನುವುದು ಈ ಲೆಕ್ಕದಿಂದ ಗೊತ್ತಾಗುವುದಿಲ್ಲ. ಅದಕ್ಕೆ ಒಳಗೆ ನೋಡಲೇಬೇಕು.

ಕಿವಿ, ಮೂಗು, ಗಂಟಲಿನ ಡಾಕ್ಟರಾಗಿ ನಾನು ನೋಡುವ ಅನೇಕರನ್ನು ಸೇರಿಸಿ ಒಬ್ಬರ ಕಥೆ ಮಾಡಿ ಹೇಳುತ್ತೇನೆ. ಗಂಡಸು, ವಯಸ್ಸು 74. ಬೆಳಿಗ್ಗೆ ದನಿ ಪರವಾಗಿಲ್ಲ, ಸಂಜೆಯ ಹೊತ್ತಿಗೆ ಸೋತುಹೋಗುತ್ತದೆ. ಗದ್ದಲದ ಜಾಗದಲ್ಲಿ ಅವರ ಮಾತು ಯಾರಿಗೂ ಕೇಳಿಸುವುದಿಲ್ಲ. ಗಂಟಲು ಯಾವಾಗಲೂ ಒಣ, ಏನೋ ಅಂಟಿಕೊಂಡಂತೆ. ಅದಕ್ಕೇ ಐದು ನಿಮಿಷಕ್ಕೊಮ್ಮೆ "ಹ್ಹುಂ ಹ್ಹುಂ" ಅಂತ ಗಂಟಲು ಸರಿಮಾಡಿಕೊಳ್ಳುತ್ತಾರೆ. ಯಾವಾಗ ಶುರುವಾಯಿತು ಅಂತ ಕೇಳಿದೆ. ಗಂಡ ಹೆಂಡತಿ ಮುಖಮುಖ ನೋಡಿಕೊಂಡರು. "ಮೂರು ವರ್ಷ ಇರಬಹುದು... ಇಲ್ಲ, ಐದಾಯಿತೇನೋ" ಅಂದರು.

ನನಗೆ ಅರ್ಧ ಸಮಾಧಾನ ಆಗುವುದು ಈ ಉತ್ತರ ಕೇಳಿದಾಗ. ವಯಸ್ಸಿನಿಂದ ಬಂದ ದನಿ ಬದಲಾವಣೆಗೆ ತಾರೀಖು ಇರುವುದಿಲ್ಲ. ಅದು ವರ್ಷಗಟ್ಟಲೆ ಇಳಿಯುತ್ತದೆ, ಒಂದು ದಿನ ಚೂರು ಮೇಲೆ, ಇನ್ನೊಂದು ದಿನ ಚೂರು ಕೆಳಗೆ. "ಹೋದ ತಿಂಗಳಿಂದ", "ನೆಗಡಿ ಬಂದು ಹೋದ ಮೇಲೆ", "ಆಪರೇಷನ್ ಆದಾಗಿನಿಂದ" ಅಂತ ತಾರೀಖು ಹೇಳಲು ಆಗುತ್ತದೆ ಅಂದರೆ, ಅದನ್ನು ವಯಸ್ಸಿನ ತಲೆಗೆ ಕಟ್ಟಬೇಡಿ.

ಇವರಿಗೆ "ಆ" ಬಂದದ್ದು 7 ಸೆಕೆಂಡು. ಮೂಗಿನ ಮೂಲಕ ತೆಳ್ಳನೆಯ ಕ್ಯಾಮೆರಾ ನಳಿಗೆ ಇಳಿಸಿ ನೋಡಿದೆವು. ಹೆದರುವಂಥದ್ದಲ್ಲ, ಕೆಲವೇ ನಿಮಿಷದ ಕೆಲಸ. ಅರಿವಳಿಕೆ ಕೊಟ್ಟು ಮಲಗಿಸುವುದೇನೂ ಇಲ್ಲ. ನಾವು ಅಲ್ಲಿ ನೋಡುವುದು ಮುಖ್ಯವಾಗಿ ಎರಡು. ಎರಡೂ ತಂತುಗಳು ಸಮನಾಗಿ ಆಡುತ್ತಿವೆಯೇ? ಮೇಲೆ ಗಂಟು, ಹುಣ್ಣು, ಬಿಳಿ ಮಚ್ಚೆ ಏನಾದರೂ ಇದೆಯೇ? ಇವರಲ್ಲಿ ಎರಡೂ ಚೆನ್ನಾಗಿ ಆಡುತ್ತಿದ್ದವು, ಮೇಲ್ಮೈ ನುಣುಪಾಗಿತ್ತು. ಅಂಚು ಮಾತ್ರ ಬಿಲ್ಲಿನಂತೆ ಬಾಗಿ ನಡುವೆ ಸಂದು. ಆ ಸಂದನ್ನು ಮುಚ್ಚಲು ಮೇಲಿನ ಭಾಗವೆಲ್ಲ ಹಿಂಡಿಕೊಂಡು ಹೆಣಗುತ್ತಿತ್ತು. ಸಂಜೆಗೆ ದನಿ ಸೋಲುವುದು ಈ ಹೆಣಗಾಟದಿಂದಲೇ. ಇಷ್ಟೆಲ್ಲ ನೋಡಿದ ಮೇಲೆ "ಇದು ವಯಸ್ಸಿನದು" ಅಂತ ಹೇಳಬಹುದು. ನೋಡದೆ ಹೇಳುವುದನ್ನು ನಾನು ಒಪ್ಪುವುದಿಲ್ಲ.

ಇನ್ನು ಒಣ ಗಂಟಲು. ಇದನ್ನು ಪೂರ್ತಿ ವಯಸ್ಸಿಗೆ ಬರೆಯುವುದು ನ್ಯಾಯವಲ್ಲ. ಧ್ವನಿಪೆಟ್ಟಿಗೆಯ ಸುತ್ತಲಿನ ಗ್ರಂಥಿಗಳು ವಯಸ್ಸಾದಂತೆ ಕಡಿಮೆ ಲೋಳೆ ಸುರಿಸುತ್ತವೆ, ಅದೂ ಗಟ್ಟಿಯಾಗಿ ಅಂಟಂಟಾಗಿರುತ್ತದೆ. ಬಾಯಾರಿಕೆಯ ಅರಿವೂ ಮಂದವಾಗುತ್ತದೆ. ಅಷ್ಟು ನಿಜ. ಆದರೆ ಹಿರಿಯರ ಬಾಯಿ, ಗಂಟಲು ಒಣಗಿಸುವ ದೊಡ್ಡ ಕಾರಣ ಅವರ ಮಾತ್ರೆ ಡಬ್ಬಿಯಲ್ಲಿ ಇರುತ್ತದೆ.

ಈ ಯಜಮಾನರ ಡಬ್ಬಿಯನ್ನು ಮೇಜಿನ ಮೇಲೆ ಸುರಿಸಿದೆವು. ಸೀನು, ಮೂಗು ಸುರಿಯುವುದಕ್ಕೆ ಅಂತ ರಾತ್ರಿ ಕ್ಲೋರ್‌ಫೆನಿರಮೈನ್ ಇರುವ ಹಳೇ ಅಲರ್ಜಿ ಮಾತ್ರೆ. ಯಾರೋ ಯಾವಾಗಲೋ ಬರೆದದ್ದು, ನಿಲ್ಲಿಸಿ ಅಂತ ಯಾರೂ ಹೇಳಿರಲಿಲ್ಲ. ಮೂತ್ರ ತಡೆಯಲು ಆಗದ್ದಕ್ಕೆ ಆಕ್ಸಿಬ್ಯುಟಿನಿನ್. ಎರಡೂ ಬಾಯಿ ಒಣಗಿಸುವಂಥವು. ಸಾಲದ್ದಕ್ಕೆ ರಾತ್ರಿ ಏಳಬೇಕಾಗುತ್ತದೆ ಅಂತ ಸಂಜೆ ನಾಲ್ಕರ ನಂತರ ಅವರು ನೀರು ಮುಟ್ಟುತ್ತಲೇ ಇರಲಿಲ್ಲ! ನಿದ್ದೆಗೂ ನರದ ನೋವಿಗೂ ಕೊಡುವ ಅಮಿಟ್ರಿಪ್ಟಿಲಿನ್ ಕೂಡ ಇದೇ ಗುಂಪಿನದು. ದಯವಿಟ್ಟು ಇದನ್ನು ಕೇಳಿ ನೀವೇ ಮಾತ್ರೆ ನಿಲ್ಲಿಸಬೇಡಿ. ಡಬ್ಬಿಯನ್ನು ಹಾಗೇ ತೆಗೆದುಕೊಂಡು ಹೋಗಿ ಬರೆದ ಡಾಕ್ಟರಿಗೆ ತೋರಿಸಿ. ಇವರಿಗೆ ಅಲರ್ಜಿ ಮಾತ್ರೆ ಬೇಕಾಗಿಯೇ ಇರಲಿಲ್ಲ. ಮೂತ್ರದ ಮಾತ್ರೆಯನ್ನು ಅವರ ಡಾಕ್ಟರು ಬಾಯಿ ಅಷ್ಟಾಗಿ ಒಣಗಿಸದ ಬೇರೆ ಬಗೆಗೆ ಬದಲಾಯಿಸಿದರು.

ಉಬ್ಬಸಕ್ಕೆ ಸ್ಟಿರಾಯ್ಡ್ ಇನ್ಹೇಲರ್ ಎಳೆಯುವವರದು ಬೇರೆ ಸಂಗತಿ. ಆ ಔಷಧ ತಂತುಗಳ ಮೇಲೂ ಕೂರುತ್ತದೆ, ದನಿ ಗೊಗ್ಗರಾಗುತ್ತದೆ, ಕೆಲವೊಮ್ಮೆ ಬೂಸಿನ ಸೋಂಕೂ ಹತ್ತುತ್ತದೆ. ಸ್ಪೇಸರ್ ಹಾಕಿ ಎಳೆಯಿರಿ. ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗಿಯಿರಿ. ಇನ್ಹೇಲರ್ ಮಾತ್ರ ಬಿಡಬೇಡಿ.

ನೀರಿನ ವಿಷಯ ಸ್ವಲ್ಪ ತಿಳಿದಿರಲಿ. ಕುಡಿದ ನೀರು ಅನ್ನನಾಳಕ್ಕೆ ಹೋಗುತ್ತದೆ, ಧ್ವನಿತಂತುವಿನ ಮೇಲೆ ಬೀಳುವುದಿಲ್ಲ. ಬಿದ್ದರೆ ಕೆಮ್ಮು ಬರುತ್ತದೆ. ಅದು ರಕ್ತಕ್ಕೆ ಸೇರಿ, ನಿಧಾನವಾಗಿ ತಂತುವನ್ನು ತೇವಗೊಳಿಸಬೇಕು. ಅದಕ್ಕೇ ಮಾತಿಗೆ ಮೊದಲು ಗಟಗಟ ಕುಡಿದರೆ ಪ್ರಯೋಜನ ಕಡಿಮೆ, ಬೆಳಿಗ್ಗೆಯಿಂದ ಗುಟುಕು ಗುಟುಕಾಗಿ ಕುಡಿದರೆ ಜಾಸ್ತಿ. ಮೇಲಿನಿಂದಲೇ ತೇವ ಬೇಕಿದ್ದರೆ ಹಿತವಾದ ಹಬೆ ಉಸಿರಾಡಬಹುದು. ಕುದಿಯುವ ಪಾತ್ರೆಗೆ ಮುಖ ಒಡ್ಡಿ ಸುಟ್ಟುಕೊಳ್ಳಬೇಡಿ. ಹೃದಯ ಸೋತಿರುವವರು, ಕಿಡ್ನಿ ಕೆಟ್ಟಿರುವವರು ಅವರ ಡಾಕ್ಟರು ಹೇಳಿದ ಅಳತೆಯನ್ನು ಮೀರಬಾರದು. ಇನ್ನು ಆ "ಹ್ಹುಂ ಹ್ಹುಂ". ಅದು ತಂತುಗಳನ್ನು ಒಂದಕ್ಕೊಂದು ಬಡಿಯುತ್ತದೆ, ಅದರಿಂದ ಇನ್ನಷ್ಟು ಲೋಳೆ, ಮತ್ತೆ ಹ್ಹುಂ. ಆ ತುಡಿತ ಬಂದಾಗ ಒಂದು ಗುಟುಕು ನೀರು ನುಂಗಿ.

ದನಿಗೆ ಆ ಯಜಮಾನರು ಮಾಡಿದ್ದು ವ್ಯಾಯಾಮ. ಸ್ಪೀಚ್ ಥೆರಪಿಸ್ಟ್ ಕಲಿಸಿದರು. ತುಟಿಯಲ್ಲಿ ಸ್ಟ್ರಾ ಹಿಡಿದು ಅದರ ಮೂಲಕ "ಊ" ಅನ್ನುವುದು, ತಗ್ಗಿನಿಂದ ಏರಿಗೆ, ಏರಿನಿಂದ ತಗ್ಗಿಗೆ ಜಾರಿಸುವುದು. ಗಾಳಿ ಹೊರಹೋಗುವ ದಾರಿ ಕಿರಿದಾದಾಗ ಹಿಂದಿನ ಒತ್ತಡ ತಂತುಗಳಿಗೆ ಆಸರೆಯಾಗಿ, ಹಿಂಡದೆಯೇ ದನಿ ಬರುತ್ತದೆ. ಆಮೇಲೆ "ಆ" ಎಳೆಯುವುದು, ಗಟ್ಟಿ ದನಿಯಲ್ಲಿ ದೂರದವರನ್ನು ಕರೆದಂತೆ ವಾಕ್ಯ ಹೇಳುವುದು. ದಿನಕ್ಕೆ ಎರಡು ಹೊತ್ತು, ಎಂಟು ವಾರ. ಕೊನೆಗೆ 7 ಸೆಕೆಂಡು 12 ಆಯಿತು. ನಲವತ್ತರ ದನಿ ವಾಪಸ್ ಬರಲಿಲ್ಲ, ಬರುವುದೂ ಇಲ್ಲ. ಸಂಜೆ ದನಿ ಸೋಲುವುದು ಮಾತ್ರ ನಿಂತಿತು. ಸುಮ್ನೆ ಇದ್ದು ದನಿಗೆ ರೆಸ್ಟ್ ಕೊಡುತ್ತೇನೆ ಅಂತ ದಿನವಿಡೀ ಮಾತು ಬಿಡುವವರಿದ್ದಾರೆ. ವಯಸ್ಸಿನ ದನಿಗೆ ಅದು ತಿರುಗಾಮುರುಗಾ ಔಷಧ. ಬಳಸದ ಮಾಂಸಖಂಡ ಇನ್ನೂ ಸೊರಗುತ್ತದೆ.

ಈಗ ತಡಮಾಡಬಾರದ ಸಂಗತಿಗಳು. ಗೊಗ್ಗರು ದನಿ ನಾಲ್ಕು ವಾರವಾದರೂ ಹೋಗದಿದ್ದರೆ ನಳಿಗೆ ಹಾಕಿ ನೋಡಿಸಬೇಕು. ಬೀಡಿ, ಸಿಗರೇಟು ಸೇದುವವರು, ಸೇದಿ ಬಿಟ್ಟವರು ಅಷ್ಟು ದಿನವೂ ಕಾಯಬೇಡಿ. ವಯಸ್ಸಿನ ದನಿ ತೆಳುವಾಗಿರುತ್ತದೆ, ಒರಟಾಗಿರುವುದು ಕಡಿಮೆ. ಕೆರಕಲು, ಒರಟು ದನಿ ದಿನದಿಂದ ದಿನಕ್ಕೆ ಹೆಚ್ಚುತ್ತಿದ್ದರೆ ಗಂಟಲಿನ ಕ್ಯಾನ್ಸರ್ ಅಲ್ಲ ಅಂತ ಖಚಿತವಾಗಬೇಕು. ಬೇಗ ಸಿಕ್ಕಿದರೆ ಗುಣವಾಗುವ ಕ್ಯಾನ್ಸರ್ ಅದು. ನುಂಗಲು ಕಷ್ಟ, ಕಫದಲ್ಲಿ ರಕ್ತ, ಕುತ್ತಿಗೆಯಲ್ಲಿ ಗಂಟು, ಕಾರಣವಿಲ್ಲದೆ ತೂಕ ಇಳಿಯುವುದು, ಕಿವಿಯಲ್ಲಿ ದೋಷವಿಲ್ಲದೆ ಒಂದೇ ಕಿವಿ ನೋಯುವುದು, ಇವುಗಳಲ್ಲಿ ಒಂದು ಜತೆಗಿದ್ದರೂ ಸಾಕು, ಬೇಗ ಹೋಗಿ. ಉಸಿರೆಳೆಯುವಾಗ ಗೊರಗೊರ ಸದ್ದು ಬಂದರೆ ಅವತ್ತೇ ಆಸ್ಪತ್ರೆಗೆ.

ದಿಢೀರನೆ ದನಿ ಉಸಿರುಸಿರಾಗಿ, ನೀರು ಕುಡಿದಾಗಲೆಲ್ಲ ನೆತ್ತಿಗೇರುತ್ತಿದ್ದರೆ ಒಂದು ತಂತು ಆಡದೆ ನಿಂತಿರಬಹುದು. ಎಡ ತಂತುವಿನ ನರ ಎದೆಯೊಳಗೆ ಇಳಿದು, ಹೃದಯದಿಂದ ಹೊರಟ ಮಹಾಧಮನಿಯನ್ನು ಸುತ್ತಿ ಮತ್ತೆ ಮೇಲೆ ಬರುತ್ತದೆ. ಅದಕ್ಕೇ ಶ್ವಾಸಕೋಶದ ಗಡ್ಡೆಯೊಂದು ಕೆಮ್ಮಿಗಿಂತ ಮೊದಲು ದನಿಯಲ್ಲಿ ಕಾಣಿಸಿಕೊಳ್ಳುವುದುಂಟು. ಥೈರಾಯ್ಡ್ ಆಪರೇಷನ್ ಆದವರಿಗೂ ಈ ನರಕ್ಕೆ ಪೆಟ್ಟಾಗಿರಬಹುದು. ಮಾತು ತೊದಲಿ, ಬಾಯಿ ಸೊಟ್ಟಗಾದರೆ ಅದು ಲಕ್ವ ಇರಬಹುದು, ಒಂದು ನಿಮಿಷವೂ ಕಾಯಬೇಡಿ.

ಪಾರ್ಕಿನ್ಸನ್ ಅನ್ನುವ ಮಿದುಳಿನ ಕಾಯಿಲೆ ಮಾತ್ರ ವಯಸ್ಸಿನ ವೇಷದಲ್ಲೇ ಬರುತ್ತದೆ. ದನಿ ಮೆಲ್ಲಗೆ ಕುಗ್ಗುತ್ತದೆ, ಏರಿಳಿತ ಹೋಗುತ್ತದೆ. ಸುಳಿವು ಏನಪ್ಪಾ ಅಂದರೆ, ವಯಸ್ಸಿನಿಂದ ದನಿ ಕುಗ್ಗಿದವರು "ನನ್ನ ದನಿ ಹೋಗಿದೆ" ಅಂತ ತಾವೇ ದೂರುತ್ತಾರೆ. ಪಾರ್ಕಿನ್ಸನ್ ಇರುವವರು ಎಷ್ಟೋ ಸಲ "ನಾನು ಸರಿಯಾಗೇ ಮಾತಾಡುತ್ತಿದ್ದೇನೆ, ಇವರಿಗೇ ಕೇಳಿಸುವುದಿಲ್ಲ" ಅನ್ನುತ್ತಾರೆ. ಅಕ್ಷರ ಚಿಕ್ಕದಾಗಿದೆಯೇ, ನಡೆಯುವಾಗ ಒಂದು ಕೈ ಬೀಸುತ್ತಿಲ್ಲವೇ ಅಂತ ಗಮನಿಸಿ.

ಆದರೆ "ಇವರಿಗೇ ಕೇಳಿಸುವುದಿಲ್ಲ" ಅನ್ನುವ ದೂರು ನಿಜವೂ ಇರಬಹುದು. ಆ ಯಜಮಾನರ ಹೆಂಡತಿಗೆ ಕಿವಿ ಪರೀಕ್ಷೆ ಮಾಡಿಸಿದಾಗ ಎರಡೂ ಕಿವಿ ಮಂದವಾಗಿದ್ದವು. ಐದು ವರ್ಷದಿಂದ ಯಜಮಾನರು ಕಿರುಚಿ ಕಿರುಚಿ ಮಾತಾಡಿದ್ದಕ್ಕೆ ಅದೂ ಒಂದು ಕಾರಣ. ಗಂಟಲು ತೋರಿಸಲು ಬರುವಾಗ ಮನೆಯಲ್ಲಿ ಜಾಸ್ತಿ ಯಾರ ಜತೆ ಮಾತಾಡುತ್ತೀರೋ ಅವರನ್ನೂ ಕರೆದುಕೊಂಡು ಬನ್ನಿ.

ನಮಸ್ಕಾರ.