ಸೌತೆ ಕೇಳಿದರೆ ಕರಬೂಜದ ತಮ್ಮ ಬಂದ!

(ದೃಶ್ಯ: ಮೇಜಿನ ಮೇಲೆ ಎರಡು ಕಾಯಿಗಳು. ಒಂದು ಉದ್ದನೆಯ ಹಸಿರು ಕಾಯಿ, ಇನ್ನೊಂದು ಹಳದಿ ಪಟ್ಟೆಗಳ ದಪ್ಪ ಕಾಯಿ.)

ನಮಸ್ಕಾರ. ಮೈಸೂರಿನಿಂದ ಉಡುಪಿಗೆ ಮದುವೆಯಾಗಿ ಬಂದ ನನ್ನ ಅತ್ತಿಗೆ, ಇಲ್ಲಿನ ಮೊದಲ ರಾಮನವಮಿಗೆ ಕೋಸಂಬರಿ ಮಾಡಲು ಹೊರಟು, ಮನೆಯ ಹತ್ತಿರದ ಅಂಗಡಿಯಲ್ಲಿ ಒಂದು ಕಿಲೋ ಸೌತೆಕಾಯಿ ಕೇಳಿದರು. ಅಂಗಡಿಯವರು ಒಂದೇ ಒಂದು ದಪ್ಪ ಕಾಯಿಯನ್ನು ತೂಗಿ ಚೀಲಕ್ಕೆ ಹಾಕಿದರು. ಮನೆಯಲ್ಲಿ ಹೆಚ್ಚಿದರೆ ಒಳಗೆ ಗಟ್ಟಿ ಬೀಜ, ಹುಳಿಯತ್ತ ವಾಲಿದ ಸಪ್ಪೆ ರುಚಿ. ಮರುದಿನ ವಿಚಾರಿಸಿದಾಗ ಬಂದ ಉತ್ತರ, "ಕೋಸಂಬರಿಗಾದರೆ ಮುಳ್ಳುಸೌತೆ ಅಂತ ಹೇಳ್ಬೇಕಲ್ಲ ಅಕ್ಕ!"

ತಪ್ಪು ಇಬ್ಬರದೂ ಅಲ್ಲ. ಮೈಸೂರಿನಲ್ಲಿ ಸೌತೆಕಾಯಿ ಎಂದರೆ ಹಸಿಯಾಗಿ ತಿನ್ನುವ ಕಾಯಿ. ಕರಾವಳಿಯಲ್ಲಿ ಸೌತೆ ಎಂದರೆ ಹುಳಿಗೆ, ಕೊದ್ದೆಲಿಗೆ ಹಾಕುವ ಪಟ್ಟೆ ಕಾಯಿ. ಹಸಿಯಾಗಿ ತಿನ್ನುವುದಕ್ಕೆ ಮುಳ್ಳುಸೌತೆ ಎಂಬ ಬೇರೆಯೇ ಹೆಸರಿದೆ. ಘಟ್ಟದ ಮೇಲಿನವರು ನಮ್ಮ ಸೌತೆಯನ್ನು ಮಂಗಳೂರು ಸೌತೆ ಅಥವಾ ಬಣ್ಣದ ಸೌತೆ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಅದು ಮ್ಯಾಂಗಲೋರ್ ಕುಕುಂಬರ್, ಮದ್ರಾಸ್ ಕುಕುಂಬರ್ ಅಥವಾ ಯೆಲ್ಲೋ ಕುಕುಂಬರ್. ಹೆಸರು ಯಾವುದೇ ಇರಲಿ, ಕುಕುಂಬರ್ ಎಂಬ ಬಾಲ ಮಾತ್ರ ತಪ್ಪುವುದಿಲ್ಲ.

ನನಗೆ ಇಷ್ಟವಾದ ಸಂಗತಿ ಇರುವುದು ಆ ಬಾಲದಲ್ಲಿಯೇ. ಮಂಗಳೂರು ಸೌತೆ ಕುಕುಂಬರ್ ಅಲ್ಲವೇ ಅಲ್ಲ. ಮುಳ್ಳುಸೌತೆಯ ಸಸ್ಯಶಾಸ್ತ್ರೀಯ ಹೆಸರು ಕುಕುಮಿಸ್ ಸಟೈವಸ್. ನಮ್ಮ ಸೌತೆಯದು ಕುಕುಮಿಸ್ ಮೆಲೊ, ಅಂದರೆ ಬೇಸಿಗೆಯಲ್ಲಿ ನಾವು ಬೆಲ್ಲ ಹಾಕಿ ತಿನ್ನುವ ಕರಬೂಜದ ಪ್ರಭೇದವೇ. ಮುಳ್ಳುಸೌತೆಯ ಕೋಶದಲ್ಲಿ 14 ಕ್ರೋಮೋಸೋಮುಗಳಿದ್ದರೆ ಸೌತೆ, ಕರಬೂಜಗಳಲ್ಲಿ 24 ಇರುತ್ತವೆ. ಹೀಗಾಗಿ ಸೌತೆಯನ್ನೂ ಮುಳ್ಳುಸೌತೆಯನ್ನೂ ಒಂದೇ ಗದ್ದೆಯಲ್ಲಿ ಬೆಳೆದರೂ ಅವೆರಡೂ ಬೆರೆಯುವುದಿಲ್ಲ. ಆದರೆ ಪಕ್ಕದಲ್ಲಿ ಕರಬೂಜವೋ ಅದರದೇ ಬಳಗದ ಇಬ್ಬುಡ್ಲವೋ ಇದ್ದರೆ ಜೇನುನೊಣ ಪರಾಗವನ್ನು ಬೆರೆಸಿ, ಎತ್ತಿಟ್ಟ ಬೀಜದಿಂದ ಮುಂದಿನ ವರ್ಷ ಸೌತೆಯೂ ಅಲ್ಲದ, ಕರಬೂಜವೂ ಅಲ್ಲದ ಕಾಯಿ ಬಿಡಬಹುದು. ಕೊಂಕಣಿಯವರು ಈ ಗೊಂದಲಕ್ಕೆ ಎಂದೂ ಸಿಕ್ಕಿಬಿದ್ದವರಲ್ಲ. ಅವರಿಗೆ ಸೌತೆ 'ಮಗ್ಗೆ', ಮುಳ್ಳುಸೌತೆ 'ತವಶೆ'. ಎರಡು ಕಾಯಿಗೆ ನಂಟೇ ಇಲ್ಲದ ಎರಡು ಹೆಸರು.

(ದೃಶ್ಯ: ಹಳೆಯ ಮನೆಯ ಮಾಡಿನ ಪಕ್ಕಾಸಿಗೆ ಬಾಳೆನಾರಿನಲ್ಲಿ ಕಟ್ಟಿ ತೂಗುಹಾಕಿದ ಸೌತೆಗಳ ಸಾಲು.)

ಮುಳ್ಳುಸೌತೆಯನ್ನು ಎಳೆಯದಾಗಿರುವಾಗಲೇ ಕೊಯ್ಯುವುದರಿಂದ ಅದು ಕೆಲವೇ ದಿನಗಳಲ್ಲಿ ಬಾಡುತ್ತದೆ. ಸೌತೆಯನ್ನು ಬಲಿತ ಮೇಲೆ, ಸಿಪ್ಪೆ ಗಟ್ಟಿಯಾದ ಮೇಲೆ ಕೊಯ್ಯುತ್ತಾರೆ. ಒಂದಕ್ಕೊಂದು ತಾಗದಂತೆ, ಗಾಳಿಯಾಡುವಂತೆ ಹೀಗೆ ಕಟ್ಟಿಟ್ಟರೆ ಫ್ರಿಜ್ ಇಲ್ಲದೆಯೂ ತಿಂಗಳುಗಟ್ಟಲೆ ಉಳಿಯುತ್ತದೆ. ಮಳೆಗಾಲದಲ್ಲಿ ತರಕಾರಿ ಸಿಗದ ಕಾಲಕ್ಕೆ ಇದೇ ಆಸರೆಯಾಗಿತ್ತು. ಕೊಳ್ಳುವಾಗ ಒತ್ತಿ ನೋಡಿ, ತೊಟ್ಟಿನ ಬಳಿ ಮೆತ್ತಗಾಗಿದ್ದರೆ ಬಿಡಿ. ಅಡುಗೆಗೆ ಮೊದಲು ತೊಟ್ಟಿನ ಕಡೆಯ ಒಂದು ಚೂರನ್ನು ನಾಲಿಗೆಗೆ ಇಟ್ಟು ನೋಡುವುದನ್ನು ಮರೆಯಬೇಡಿ, ಏಕೆಂದರೆ ಕಹಿ ಕಾಯಿಯ ಕಹಿ ಬೇಯಿಸಿದರೂ ಹೋಗುವುದಿಲ್ಲ. ಅಂಥದನ್ನು ಎಸೆಯುವುದೇ ಸರಿ.

ಹಿಂದಿಯಲ್ಲಿ ಹುಡುಕುವವರಿಗೆ ಇನ್ನೊಂದು ಬಲೆಯಿದೆ. ಮುಳ್ಳುಸೌತೆ ಬೇಕಾದರೆ 'ಖೀರಾ' ಎನ್ನಬೇಕು. 'ಕಕ್ಡಿ' ಎಂದರೆ ಉತ್ತರ ಭಾರತದಲ್ಲಿ ಸಪೂರವಾದ, ಉದ್ದನೆಯ, ತಿಳಿಹಸಿರು ಕಾಯಿ ಸಿಗುತ್ತದೆ, ಅದೂ ಕರಬೂಜದ ಬಳಗದ್ದೇ. ಆದರೆ ಮುಂಬೈಗೆ ಹೋಗಿ ಮರಾಠಿಯಲ್ಲಿ 'ಕಾಕ್ಡಿ' ಎಂದರೆ ಖೀರಾವೇ ಬರುತ್ತದೆ. ಸಸ್ಯಶಾಸ್ತ್ರಜ್ಞರ ತಾಳ್ಮೆಗೆ ನಮಸ್ಕಾರ.

(ದೃಶ್ಯ: ಮೂರು ಬಟ್ಟಲುಗಳಲ್ಲಿ ಕಪ್ಪು ಕಾಳುಗಳು.)

ಹೆಸರಿನ ಇಂಥದೇ ಗೊಂದಲ ಮಸಾಲೆಗಳಲ್ಲೂ ಇದೆ, ಸಮಯ ಮುಗಿಯುತ್ತಾ ಬಂದಿರುವುದರಿಂದ ಒಂದನ್ನೇ ಹೇಳುತ್ತೇನೆ. ಕರಿಜೀರಿಗೆ ಎಂದರೆ ಸಾಮಾನ್ಯವಾಗಿ ಕಲೋಂಜಿ. ಹೊಳಪಿಲ್ಲದ, ಮೂಲೆಗಳಿರುವ ಕಪ್ಪು ಬೀಜ. ಹಿಂದಿಯ 'ಕಾಲಾ ಜೀರಾ' ಹೆಚ್ಚಾಗಿ ಶಾಹಿ ಜೀರಿಗೆ. ಸಣ್ಣಗೆ ಬಾಗಿದ, ಗಾಢ ಕಂದು ಬಣ್ಣದ, ಬಿರಿಯಾನಿಗೆ ಹಾಕುವ ಕಾಳು. ಇಂಗ್ಲಿಷಿನ 'ಬ್ಲ್ಯಾಕ್ ಕ್ಯುಮಿನ್' ಎರಡಕ್ಕೂ ಸಲ್ಲುತ್ತದೆ. 'ಕಾಲೀ ಜೀರೀ' ಮೂರನೆಯದು, ನಮ್ಮ ಕಾಡುಜೀರಿಗೆ. ಅದು ವಿಪರೀತ ಕಹಿಯ ಔಷಧಿ ಬೀಜ, ಅಡುಗೆಯದಲ್ಲ. ಕಲೋಂಜಿಯನ್ನು ಕೆಲವರು 'ಈರುಳ್ಳಿ ಬೀಜ' ಎನ್ನುವುದುಂಟು. ನೋಡಲು ಎರಡೂ ಕಪ್ಪೇ, ಆದರೆ ಬಿತ್ತನೆಯ ಈರುಳ್ಳಿ ಬೀಜಕ್ಕೆ ಶಿಲೀಂಧ್ರನಾಶಕ ಹಚ್ಚಿರಬಹುದು. ಆದ್ದರಿಂದ ಬೀಜದಂಗಡಿಯಿಂದ ತಂದು ನಾನ್‌ಗೆ ಉದುರಿಸಬೇಡಿ. ದಿನಸಿ ಅಂಗಡಿಯಲ್ಲಿ ಕಲೋಂಜಿ ಎಂದೇ ಕೇಳಿ.

ಅತ್ತಿಗೆಯ ಚೀಟಿಯಲ್ಲಿ ಈಗ 'ಮುಳ್ಳುಸೌತೆ, ಹಸಿ ತಿನ್ನುವುದು' ಎಂದಿರುತ್ತದೆ. ಅಂದು ಕೋಸಂಬರಿಗೆ ಹೆಚ್ಚಿದ್ದ ಸೌತೆಯನ್ನು ಅಮ್ಮ ರಾತ್ರಿಯ ಹುಳಿಗೆ ಹಾಕಿದ್ದರು.